ಅಂಟಿನ ಒಂದು ಅಣು, ಮೂರು ಬಗೆಯ ಇಂಗಾಲ: ಸಂಕರಣವನ್ನೂ ಬಂಧಕೋನವನ್ನೂ ಗುರುತಿಸುವ ಕ್ರಮ

ಒಡೆದ ಪಿಂಗಾಣಿ ಬಟ್ಟಲನ್ನು ಕೆಲವೇ ಕ್ಷಣಗಳಲ್ಲಿ ಕೂಡಿಸುವ, ಸಣ್ಣ ಟ್ಯೂಬಿನಲ್ಲಿ ಸಿಗುವ ಅಂಟು ನಿಮ್ಮ ಮನೆಯಲ್ಲೂ ಇರಬಹುದು. ಅದರ ಮುಖ್ಯ ದ್ರವ್ಯ ಈಥೈಲ್ ಸಯನೋಅಕ್ರಿಲೇಟ್. ಸಾವಯವ ರಸಾಯನಶಾಸ್ತ್ರದಲ್ಲಿ ಸಂಕರಣ, ಅಂದರೆ ಹೈಬ್ರಿಡೈಸೇಷನ್, ಕಲಿಯುವವರಿಗೆ ನಾನು ಈ ಅಣುವನ್ನೇ ಮೊದಲು ಕೊಡುತ್ತೇನೆ. ಇದರಲ್ಲಿರುವುದು ಹದಿನಾರೇ ಪರಮಾಣುಗಳು. ಆದರೂ ಚತುಷ್ಫಲಕದ ಇಂಗಾಲ, ಸಮತಲದ ಇಂಗಾಲ, ಸರಳರೇಖೆಯ ಇಂಗಾಲ ಮೂರೂ ಇದರಲ್ಲಿವೆ. ಒಂದು ಸಾರಜನಕವಿದೆ. ಎರಡು ಆಮ್ಲಜನಕಗಳಿವೆ, ಮತ್ತು ಅವುಗಳಲ್ಲಿ ಒಂದು ಬಹುತೇಕ ವಿದ್ಯಾರ್ಥಿಗಳನ್ನು ದಾರಿ ತಪ್ಪಿಸುತ್ತದೆ. ಅಣುವಿನ ಸೂತ್ರ ಹೀಗಿದೆ:

```
CH2=C(C≡N)–C(=O)–O–CH2–CH3
```

ಅನುಕೂಲಕ್ಕಾಗಿ ಇಂಗಾಲಗಳಿಗೆ ಸಂಖ್ಯೆ ಕೊಟ್ಟುಕೊಳ್ಳೋಣ. ಎಡತುದಿಯ CH₂ ಒಂದನೆಯದು, ಅದರೊಡನೆ ಜೋಡಿಬಂಧದಲ್ಲಿರುವುದು ಎರಡನೆಯದು, ಸಾರಜನಕಕ್ಕೆ ತ್ರಿಬಂಧದಿಂದ ಸೇರಿದ್ದು ಮೂರನೆಯದು, ಆಮ್ಲಜನಕದೊಡನೆ ಜೋಡಿಬಂಧವಿರುವುದು ನಾಲ್ಕನೆಯದು, OCH₂ ಐದನೆಯದು, ಕೊನೆಯ CH₃ ಆರನೆಯದು.

ಆರಂಭಕ್ಕೆ ಮುನ್ನ: ಸಂಕರಣ ಎಂಬ ಹೆಸರು ಯಾವುದಕ್ಕೆ

ಇಂಗಾಲದ ಹೊರಕವಚದಲ್ಲಿ ಒಂದು s ಕಕ್ಷಕವೂ ಮೂರು p ಕಕ್ಷಕಗಳೂ ಇವೆ. ಮೂರು p ಕಕ್ಷಕಗಳು ಪರಸ್ಪರ 90° ಕೋನದಲ್ಲಿರುತ್ತವೆ. s ಕಕ್ಷಕಕ್ಕೆ ದಿಕ್ಕೇ ಇಲ್ಲ. ಇವುಗಳಿಂದ ನೇರವಾಗಿ ಬಂಧಗಳಾಗಿದ್ದರೆ ಮೀಥೇನಿನ ನಾಲ್ಕು ಬಂಧಗಳು ಒಂದೇ ತೆರನಾಗಿರುತ್ತಿರಲಿಲ್ಲ. ವಾಸ್ತವದಲ್ಲಿ ಆ ನಾಲ್ಕೂ ಸಮಾನವಾಗಿವೆ, ಯಾವ ಎರಡು ಬಂಧಗಳ ನಡುವೆ ಅಳೆದರೂ ಕೋನ 109.5°. ಇಂಗಾಲದ ಬಂಧಗಳು ಚತುಷ್ಫಲಕದ ಮೂಲೆಗಳತ್ತ ಚಾಚಿವೆ ಎಂದು ವಾಂಟ್ ಹಾಫ್ ಮತ್ತು ಲ ಬೆಲ್ 1874ರಲ್ಲೇ ಬೇರೆ ಬೇರೆಯಾಗಿ ಸೂಚಿಸಿದ್ದರು. ಅದಕ್ಕೆ ಕಕ್ಷಕಗಳ ಭಾಷೆಯಲ್ಲಿ ವಿವರಣೆ ಸಿಕ್ಕಿದ್ದು 1931ರಲ್ಲಿ. s ಮತ್ತು p ಕಕ್ಷಕಗಳನ್ನು ಗಣಿತದ ರೀತಿಯಲ್ಲಿ ಬೆರೆಸಿ, ನಿರ್ದಿಷ್ಟ ದಿಕ್ಕಿಗೆ ಚಾಚಿದ ಹೊಸ ಕಕ್ಷಕಗಳನ್ನು ಪಡೆಯಬಹುದೆಂದು ಲೈನಸ್ ಪಾಲಿಂಗ್ ಆ ವರ್ಷ ತೋರಿಸಿದರು.

ಬೆರಕೆಯ ಲೆಕ್ಕ ಸರಳ. ಎಷ್ಟು ಕಕ್ಷಕಗಳನ್ನು ಬೆರೆಸುತ್ತೇವೋ ಅಷ್ಟೇ ಸಂಕರ ಕಕ್ಷಕಗಳು ಸಿಗುತ್ತವೆ. ಒಂದು s ಮತ್ತು ಮೂರು p ಬೆರೆತರೆ ನಾಲ್ಕು sp³ ಕಕ್ಷಕಗಳು, ಕೋನ 109.5°. ಒಂದು s ಮತ್ತು ಎರಡು p ಬೆರೆತರೆ ಮೂರು sp² ಕಕ್ಷಕಗಳು. ಅವು ಒಂದೇ ಸಮತಲದಲ್ಲಿ 120° ಅಂತರದಲ್ಲಿರುತ್ತವೆ, ಬೆರೆಯದೆ ಉಳಿದ ಒಂದು p ಆ ಸಮತಲಕ್ಕೆ ಲಂಬವಾಗಿ ನಿಲ್ಲುತ್ತದೆ. ಒಂದು s ಮತ್ತು ಒಂದೇ p ಬೆರೆತರೆ ಎರಡು sp ಕಕ್ಷಕಗಳು, ಕೋನ 180°, ಉಳಿದ p ಎರಡು. ಸಂಕರ ಕಕ್ಷಕಗಳು ನೆರೆಯ ಪರಮಾಣುವಿನತ್ತ ನೇರವಾಗಿ ಚಾಚಿ ಕಟ್ಟುವ ಬಂಧಗಳು ಸಿಗ್ಮಾ ಬಂಧಗಳು. ಹೀಗೆ ಉಳಿದ p ಕಕ್ಷಕಗಳಿಂದಲೇ ಪೈ ಬಂಧಗಳು ಆಗುತ್ತವೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. "ಈ ಇಂಗಾಲ sp² ಆಗಿರುವುದರಿಂದ ಅದರ ಕೋನ 120°" ಎಂದು ನಾವೆಲ್ಲರೂ ಹೇಳುತ್ತೇವೆ, ಆದರೆ ಕಾರಣ ಮತ್ತು ಪರಿಣಾಮದ ನಿಜವಾದ ಕ್ರಮ ಇದಕ್ಕೆ ತಿರುವುಮುರುವು. ಒಟ್ಟು ಶಕ್ತಿ ಕನಿಷ್ಠವಾಗುವಂತೆ ಎಲೆಕ್ಟ್ರಾನುಗಳೂ ಪರಮಾಣು ಕೇಂದ್ರಗಳೂ ಒಂದು ಆಕಾರಕ್ಕೆ ಬಂದು ನಿಲ್ಲುತ್ತವೆ. ಆ ಆಕಾರವನ್ನು ವಿವರಿಸಲು ಯಾವ ಬೆರಕೆ ಒಪ್ಪುತ್ತದೆಯೋ ಅದರ ಹೆಸರೇ ಸಂಕರಣ. ಮುಂದೆ ಬರುವ ಅಪವಾದಗಳಂತೆ ಕಾಣುವ ಉದಾಹರಣೆಗಳು ಗೊಂದಲ ಹುಟ್ಟಿಸಬಾರದೆಂದರೆ ಇದು ನೆನಪಿರಬೇಕು.

ಮೊದಲ ಹಂತ: ಒಂಟಿ ಜೋಡಿಗಳನ್ನೂ ಸೇರಿಸಿ ಪೂರ್ಣ ರಚನೆ ಬರೆಯುವುದು

ಪುಸ್ತಕಗಳಲ್ಲಿ ಸಾವಯವ ಅಣುಗಳನ್ನು ಬರೆಯುವಾಗ ಬಂಧದಲ್ಲಿ ಸೇರದ ಒಂಟಿ ಜೋಡಿ ಎಲೆಕ್ಟ್ರಾನುಗಳನ್ನು ಸಾಮಾನ್ಯವಾಗಿ ಬಿಟ್ಟಿರುತ್ತಾರೆ. ಸಂಕರಣ ಕಂಡುಹಿಡಿಯುವಾಗ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ. ಕಾಗದದ ಮೇಲೆ ಕಾಣದ ಜೋಡಿಯನ್ನು ಎಣಿಸುವುದು ಮರೆತುಹೋಗುತ್ತದೆ. ಆದ್ದರಿಂದ ವಿದ್ಯುದಾವೇಶವಿಲ್ಲದ ಸಾರಜನಕಕ್ಕೆ ಒಂದು, ಆಮ್ಲಜನಕಕ್ಕೆ ಎರಡು ಒಂಟಿ ಜೋಡಿಗಳನ್ನು ಚುಕ್ಕೆಗಳಿಂದ ಬರೆದೇ ಮುಂದುವರಿಯಬೇಕು. ಇಂಗಾಲಕ್ಕೆ ನಾಲ್ಕು ಬಂಧಗಳಿದ್ದರೆ ಒಂಟಿ ಜೋಡಿ ಇರುವುದಿಲ್ಲ.

ಬರೆದದ್ದು ಸರಿಯೇ ಎಂದು ಎಲೆಕ್ಟ್ರಾನುಗಳನ್ನು ಎಣಿಸಿ ನೋಡಬಹುದು. ನಮ್ಮ ಅಣು C₆H₇NO₂. ಹೊರಕವಚದ ಎಲೆಕ್ಟ್ರಾನುಗಳು ಆರು ಇಂಗಾಲಗಳಿಂದ 24, ಏಳು ಜಲಜನಕಗಳಿಂದ 7, ಸಾರಜನಕದಿಂದ 5, ಎರಡು ಆಮ್ಲಜನಕಗಳಿಂದ 12, ಒಟ್ಟು 48. ಇನ್ನು ಬಂಧಗಳ ಲೆಕ್ಕ. ಉಂಗುರವಿಲ್ಲದ ಅಣುವಿನಲ್ಲಿ ಸಿಗ್ಮಾ ಬಂಧಗಳ ಸಂಖ್ಯೆ ಪರಮಾಣುಗಳ ಸಂಖ್ಯೆಗಿಂತ ಒಂದು ಕಡಿಮೆ, ಅಂದರೆ ಇಲ್ಲಿ 15. ಪೈ ಬಂಧಗಳು C=C ಯಲ್ಲಿ ಒಂದು, C=O ದಲ್ಲಿ ಒಂದು, C≡N ನಲ್ಲಿ ಎರಡು, ಒಟ್ಟು 4. ಹತ್ತೊಂಬತ್ತು ಬಂಧಗಳಿಗೆ 38 ಎಲೆಕ್ಟ್ರಾನುಗಳು ಹೋದರೆ ಉಳಿಯುವುದು ಹತ್ತು, ಅಂದರೆ ಐದು ಒಂಟಿ ಜೋಡಿಗಳು. ಸಾರಜನಕದ ಮೇಲೆ ಒಂದು, ಎರಡು ಆಮ್ಲಜನಕಗಳ ಮೇಲೆ ಎರಡೆರಡು, ಲೆಕ್ಕ ಕೂಡಿತು. ಅಣುವಿನಲ್ಲಿ ಉಂಗುರಗಳಿದ್ದರೆ ಪ್ರತಿ ಉಂಗುರಕ್ಕೂ ಒಂದು ಸಿಗ್ಮಾ ಬಂಧ ಹೆಚ್ಚಾಗುತ್ತದೆ ಎಂಬುದೊಂದೇ ವ್ಯತ್ಯಾಸ.

ಎರಡನೆಯ ಹಂತ: ದಿಕ್ಕುಗಳನ್ನು ಎಣಿಸುವುದು

ಪ್ರತಿ ಪರಮಾಣುವಿಗೂ ಅದರ ಸಿಗ್ಮಾ ಬಂಧಗಳನ್ನೂ ಒಂಟಿ ಜೋಡಿಗಳನ್ನೂ ಕೂಡಿಸಿ. ನಾಲ್ಕು ಬಂದರೆ sp³, ಮೂರು ಬಂದರೆ sp², ಎರಡು ಬಂದರೆ sp. ಜೋಡಿಬಂಧವಾಗಲಿ ತ್ರಿಬಂಧವಾಗಲಿ, ಅದರಲ್ಲಿ ಸಿಗ್ಮಾ ಒಂದೇ. ಪೈ ಬಂಧಗಳು ಅದೇ ಇಬ್ಬರು ನೆರೆಯವರ ನಡುವೆ ಇರುವುದರಿಂದ ಹೊಸ ದಿಕ್ಕನ್ನು ಕೇಳುವುದಿಲ್ಲ.

ಒಂದು, ಎರಡು ಮತ್ತು ನಾಲ್ಕನೆಯ ಇಂಗಾಲಗಳಿಗೆ ಮೂರು ಮೂರು ಸಿಗ್ಮಾ ಬಂಧಗಳಿವೆ, ಅವು sp². ಮೂರನೆಯ ಇಂಗಾಲಕ್ಕೆ ಒಂದು ಕಡೆ ಎರಡನೆಯ ಇಂಗಾಲ, ಇನ್ನೊಂದು ಕಡೆ ಸಾರಜನಕ. ದಿಕ್ಕು ಎರಡೇ, ಆದ್ದರಿಂದ sp, ಮತ್ತು C–C≡N ಕೋನ 180°. ಐದು ಮತ್ತು ಆರನೆಯವು ನಾಲ್ಕು ದಿಕ್ಕಿನ sp³. ಸಾರಜನಕಕ್ಕೆ ಒಂದು ಸಿಗ್ಮಾ, ಒಂದು ಒಂಟಿ ಜೋಡಿ. ಹೀಗಾಗಿ ಅದೂ sp, ಅದರ ಒಂಟಿ ಜೋಡಿ ಬಂಧಕ್ಕೆ ನೇರ ಹಿಂಬದಿಗೆ, ಅದೇ ರೇಖೆಯಲ್ಲಿ ಚಾಚಿರುತ್ತದೆ. ಜೋಡಿಬಂಧದ ಆಮ್ಲಜನಕಕ್ಕೆ ಒಂದು ಸಿಗ್ಮಾ ಮತ್ತು ಎರಡು ಒಂಟಿ ಜೋಡಿ, ಒಟ್ಟು ಮೂರು, ಆದ್ದರಿಂದ sp².

ಉಳಿದದ್ದು ನಾಲ್ಕನೆಯ ಮತ್ತು ಐದನೆಯ ಇಂಗಾಲಗಳ ನಡುವಿನ ಎಸ್ಟರ್ ಆಮ್ಲಜನಕ. ಎರಡು ಸಿಗ್ಮಾ, ಎರಡು ಒಂಟಿ ಜೋಡಿ, ಒಟ್ಟು ನಾಲ್ಕು. ಎಣಿಕೆ ಅದನ್ನು sp³ ಎನ್ನುತ್ತದೆ. ಇಲ್ಲಿಗೇ ನಿಲ್ಲಿಸಿದರೆ ಉತ್ತರ ತಪ್ಪಾಗುತ್ತದೆ.

ಮೂರನೆಯ ಹಂತ: ನೆರೆಯ ಪರಮಾಣುವನ್ನು ನೋಡುವುದು

ನಾನು ತಿದ್ದಿದ ಉತ್ತರಗಳಲ್ಲಿ ಅತಿ ಹೆಚ್ಚು ಬಾರಿ ಕಂಡ ತಪ್ಪು ಈ ಹಂತವನ್ನು ಬಿಟ್ಟದ್ದು. ಇಂಗಾಲಕ್ಕೆ ಎರಡನೆಯ ಹಂತವೇ ಸಾಮಾನ್ಯವಾಗಿ ಸಾಕು. ಸಾರಜನಕ ಮತ್ತು ಆಮ್ಲಜನಕಗಳಿಗೆ ಒಂಟಿ ಜೋಡಿಗಳಿರುವುದರಿಂದ ಎರಡು ಪ್ರಶ್ನೆಗಳನ್ನು ಕೇಳಬೇಕು. ಈ ಪರಮಾಣುವಿಗೆ ತನ್ನದೇ ಆದ ಪೈ ಬಂಧವಿದೆಯೇ? ಇಲ್ಲವಾದರೆ, ಅದರ ಪಕ್ಕದ ಪರಮಾಣು ಪೈ ಬಂಧದಲ್ಲಿದೆಯೇ? ಮೊದಲನೆಯದಕ್ಕೆ ಉತ್ತರ ಇಲ್ಲ, ಎರಡನೆಯದಕ್ಕೆ ಹೌದು ಎಂದಾದರೆ, ಒಂದು ಒಂಟಿ ಜೋಡಿ ಬೆರೆಯದ p ಕಕ್ಷಕದಲ್ಲಿ ಉಳಿದು ಪಕ್ಕದ ಪೈ ಬಂಧದೊಡನೆ ಹಂಚಿಕೊಳ್ಳುತ್ತದೆ. ಆಗ ಎಣಿಕೆಯಿಂದ ಆ ಒಂದು ಜೋಡಿಯನ್ನು ಕಳೆಯಬೇಕು. ನಾಲ್ಕು ಮೂರಾಗುತ್ತದೆ, sp³ ಎಂದದ್ದು sp² ಆಗುತ್ತದೆ.

ಎಸ್ಟರ್ ಆಮ್ಲಜನಕಕ್ಕೆ ಇದನ್ನು ಅನ್ವಯಿಸೋಣ. ಅದಕ್ಕೆ ತನ್ನ ಪೈ ಬಂಧವಿಲ್ಲ. ಅದರ ಪಕ್ಕದ ನಾಲ್ಕನೆಯ ಇಂಗಾಲ C=O ಪೈ ಬಂಧದಲ್ಲಿದೆ. ಆದ್ದರಿಂದ ಒಂದು ಜೋಡಿ p ಕಕ್ಷಕದಲ್ಲಿರುತ್ತದೆ, ಇನ್ನೊಂದು ಜೋಡಿ ಅಣುವಿನ ಸಮತಲದಲ್ಲಿ sp² ಕಕ್ಷಕದಲ್ಲೇ ಉಳಿಯುತ್ತದೆ. ಎರಡೂ ಜೋಡಿಗಳನ್ನು ಕಳೆಯಬಾರದು. p ಕಕ್ಷಕಗಳು ಪರಸ್ಪರ ಸಮಾನಾಂತರವಾಗಿದ್ದರೆ ಮಾತ್ರ ಹಂಚಿಕೆ ಸಾಧ್ಯ, ಮತ್ತು ಆ ದಿಕ್ಕಿನಲ್ಲಿ ನಿಲ್ಲಬಲ್ಲದ್ದು ಒಂದೇ ಜೋಡಿ. ಇದಕ್ಕೆ ಪುರಾವೆ ಬಂಧಗಳ ಉದ್ದದಲ್ಲಿದೆ. ಎಸ್ಟರುಗಳಲ್ಲಿ ಕಾರ್ಬೊನಿಲ್ ಬದಿಯ C–O ಬಂಧ ಸುಮಾರು 1.34 ಆಂಗ್‌ಸ್ಟ್ರಾಮ್, ಆಲ್ಕೈಲ್ ಬದಿಯದು ಸುಮಾರು 1.45. ಸೂತ್ರದಲ್ಲಿ ಎರಡನ್ನೂ ಒಂದೇ ಗೆರೆಯಿಂದ ಬರೆಯುತ್ತೇವೆ, ಆದರೆ ಮೊದಲನೆಯದರಲ್ಲಿ ಜೋಡಿಬಂಧದ ಪಾಲು ಸ್ವಲ್ಪ ಸೇರಿಕೊಂಡು ಅದು ಕುಗ್ಗಿದೆ.

ಸಾರಜನಕದಲ್ಲಿ ಇದೇ ಪರಿಣಾಮ ಇನ್ನೂ ಬಲವಾಗಿದೆ. ಆಮ್ಲಜನಕಕ್ಕಿಂತ ಸಾರಜನಕ ತನ್ನ ಜೋಡಿಯನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಜ್ವರದ ಮಾತ್ರೆಯಾದ ಪ್ಯಾರಾಸಿಟಮಾಲ್ ಅಣುವನ್ನು ತೆಗೆದುಕೊಳ್ಳಿ: HO–C₆H₄–NH–CO–CH₃. ಅಲ್ಲಿನ ಸಾರಜನಕಕ್ಕೆ ಮೂರು ಸಿಗ್ಮಾ, ಒಂದು ಒಂಟಿ ಜೋಡಿ. ಅಮೋನಿಯದ ನೆನಪಿನಿಂದ sp³ ಎಂದು ಬರೆದು, ಕೋನ 107° ಎಂದು ಮುಗಿಸುವವರು ಬಹಳ. ಆದರೆ ಅದರ ಪಕ್ಕದಲ್ಲಿ C=O ಇದೆ, ಇನ್ನೊಂದು ಪಕ್ಕದಲ್ಲಿ ಬೆಂಜೀನ್ ಉಂಗುರವೂ ಇದೆ. ಜೋಡಿ p ಕಕ್ಷಕಕ್ಕೆ ಹೋಗುತ್ತದೆ, ಸಾರಜನಕ sp² ಆಗುತ್ತದೆ, ಅದರ ಮೂರೂ ಬಂಧಗಳು ಹೆಚ್ಚುಕಡಿಮೆ ಒಂದೇ ಸಮತಲಕ್ಕೆ ಬರುತ್ತವೆ. ಎರಡು ಇಂಗಾಲಗಳ ನಡುವಿನ C–N–C ಕೋನ 120° ಯನ್ನೂ ಕೆಲವು ಡಿಗ್ರಿ ದಾಟುತ್ತದೆ, ಏಕೆಂದರೆ ಎರಡು ದೊಡ್ಡ ಗುಂಪುಗಳು ಸಣ್ಣ ಜಲಜನಕದ ಕಡೆಗೆ ಒತ್ತುತ್ತವೆ.

ಹೀಗೆ C=O ಗೆ ನೇರವಾಗಿ ಸಾರಜನಕ ಸೇರಿದ ಗುಂಪಿಗೆ ಅಮೈಡ್ ಎಂದು ಹೆಸರು. ಅದರ ಈ ಸಮತಲವನ್ನು ಪ್ರಯೋಗಶಾಲೆಯಲ್ಲಿ ಕಣ್ಣಾರೆ ನೋಡಬಹುದು. ಡೈಮೀಥೈಲ್‌ಫಾರ್ಮಮೈಡ್ ಎಂಬ ದ್ರಾವಕದಲ್ಲಿ ಸಾರಜನಕಕ್ಕೆ ಎರಡು CH₃ ಗುಂಪುಗಳಿವೆ. C–N ಬಂಧದ ಸುತ್ತ ಸಲೀಸಾಗಿ ತಿರುಗುವಂತಿದ್ದರೆ ಎರಡೂ ಒಂದೇ ತರಹ ಕಾಣಬೇಕಿತ್ತು. ಪ್ರೋಟಾನ್ ಎನ್‌ಎಂಆರ್ ವರ್ಣಪಟಲದಲ್ಲಿ ಕೋಣೆಯ ಉಷ್ಣಾಂಶದಲ್ಲಿ ಅವು ಎರಡು ಪ್ರತ್ಯೇಕ ಸಂಕೇತಗಳಾಗಿ ಕಾಣುತ್ತವೆ. ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಮಾತ್ರ ಎರಡೂ ಕೂಡಿ ಒಂದಾಗುತ್ತವೆ. ಸಾರಜನಕ sp³ ಆಗಿದ್ದು ಅದರ ಜೋಡಿ ಹಂಚಿಕೆಯಾಗದೆ ಇದ್ದಿದ್ದರೆ ತಿರುಗುವಿಕೆಗೆ ಇಷ್ಟು ಅಡ್ಡಿ ಇರುತ್ತಿರಲಿಲ್ಲ.

ಪ್ರೋಟೀನುಗಳ ಬೆನ್ನೆಲುಬು ಇಂಥ ಅಮೈಡ್ ಬಂಧಗಳ ಸರಪಳಿಯೇ ಆಗಿರುವುದರಿಂದ, ಸಾರಜನಕ sp² ಎಂಬ ಈ ಒಂದು ತೀರ್ಮಾನದ ಮೇಲೆ ತುಂಬಾ ನಿಂತಿದೆ. ಪ್ರತಿ ಪೆಪ್ಟೈಡ್ ಘಟಕವೂ ಒಂದು ಗಟ್ಟಿ ಫಲಕದಂತೆ ಸಮತಲವಾಗಿದ್ದರೆ ಸರಪಳಿ ತಿರುಗಬಲ್ಲ ಜಾಗಗಳು ಫಲಕಗಳನ್ನು ಜೋಡಿಸುವ sp³ ಇಂಗಾಲದ ಎರಡು ಬದಿಗಳು ಮಾತ್ರ. ಆ ಎರಡು ತಿರುವುಕೋನಗಳ ಯಾವ ಬೆಲೆಗಳು ಸಾಧ್ಯ, ಯಾವುವು ಅಸಾಧ್ಯ ಎಂದು ತೋರಿಸುವ ನಕ್ಷೆಯನ್ನು ಜಿ. ಎನ್. ರಾಮಚಂದ್ರನ್ ಅವರು ಮದರಾಸಿನಲ್ಲಿ ತಮ್ಮ ಸಹೋದ್ಯೋಗಿಗಳೊಡನೆ 1963ರಲ್ಲಿ ಪ್ರಕಟಿಸಿದರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗವನ್ನು ಕಟ್ಟಿದವರೂ ಅವರೇ. ಅಮೈಡ್ ಸಾರಜನಕ ಅಮೋನಿಯದಂತೆ ಪಿರಮಿಡ್ಡಿನ ಆಕಾರದಲ್ಲಿದ್ದು ಸಡಿಲವಾಗಿ ತಿರುಗುವಂತಿದ್ದರೆ ಎರಡೇ ಕೋನಗಳಲ್ಲಿ ಪ್ರೋಟೀನಿನ ಮಡಿಕೆಯನ್ನು ವಿವರಿಸಲು ಬರುತ್ತಿರಲಿಲ್ಲ.

ಮೊದಲ ಪ್ರಶ್ನೆಯನ್ನು ಏಕೆ ಕೇಳಬೇಕು ಎಂಬುದು ಪಿರಿಡೀನ್ ಮತ್ತು ಪಿರೋಲ್ ಉಂಗುರಗಳನ್ನು ಅಕ್ಕಪಕ್ಕದಲ್ಲಿಟ್ಟರೆ ತಿಳಿಯುತ್ತದೆ. ಪಿರಿಡೀನಿನ ಸಾರಜನಕಕ್ಕೆ ತನ್ನದೇ ಪೈ ಬಂಧವಿದೆ. ಅದರ p ಕಕ್ಷಕ ಅಲ್ಲೇ ಖರ್ಚಾಗಿದೆ. ಆದ್ದರಿಂದ ಪಕ್ಕದಲ್ಲಿ ಎಷ್ಟು ಪೈ ಬಂಧಗಳಿದ್ದರೂ ಒಂಟಿ ಜೋಡಿ ಉಂಗುರದ ಸಮತಲದಲ್ಲಿ, ಹೊರಮುಖವಾಗಿ, sp² ಕಕ್ಷಕದಲ್ಲೇ ಇರುತ್ತದೆ. ಪಿರೋಲಿನ ಸಾರಜನಕಕ್ಕೆ ಅಂಥ ಬಂಧವಿಲ್ಲ. ಅದರ ಜೋಡಿ p ಕಕ್ಷಕದಲ್ಲಿ ನಿಂತು ಉಂಗುರದ ಆರು ಪೈ ಎಲೆಕ್ಟ್ರಾನುಗಳಲ್ಲಿ ಎರಡಾಗುತ್ತದೆ. ಎರಡೂ ಸಾರಜನಕಗಳು sp², ಆದರೆ ಜೋಡಿ ಇರುವ ಜಾಗ ಬೇರೆ. ಪಿರಿಡೀನ್ ಆಮ್ಲದಿಂದ ಪ್ರೋಟಾನನ್ನು ಸುಲಭವಾಗಿ ಪಡೆಯುತ್ತದೆ, ಪಿರೋಲ್ ಹಾಗೆ ಮಾಡುವುದಿಲ್ಲ. ಉತ್ತರದಲ್ಲಿ sp² ಎಂದಷ್ಟೇ ಬರೆಯದೆ, ಒಂಟಿ ಜೋಡಿ ಯಾವ ಕಕ್ಷಕದಲ್ಲಿದೆ ಎಂದೂ ಬರೆಯುವ ರೂಢಿ ಮಾಡಿಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ.

ನಾಲ್ಕನೆಯ ಹಂತ: ಮೂಲ ಕೋನದಿಂದ ನಿಜವಾದ ಕೋನಕ್ಕೆ

109.5°, 120°, 180° ಇವು ಆರಂಭದ ಅಂದಾಜುಗಳು. ನಿಜವಾದ ಅಣುವಿನಲ್ಲಿ ಅವು ಒಂದೆರಡು ಡಿಗ್ರಿಯಿಂದ ಐದಾರು ಡಿಗ್ರಿಯವರೆಗೆ ಸರಿಯುತ್ತವೆ, ಮತ್ತು ಯಾವ ಕಡೆಗೆ ಸರಿಯುತ್ತವೆ ಎಂಬುದನ್ನು ಮುಂಚಿತವಾಗಿಯೇ ಹೇಳಬಹುದು. ಒಂಟಿ ಜೋಡಿ ಒಂದೇ ಕೇಂದ್ರದ ಹಿಡಿತದಲ್ಲಿರುವುದರಿಂದ ಬಂಧದ ಜೋಡಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ. ಅಮೋನಿಯದಲ್ಲಿ ಕೋನ 106.7° ಗೂ, ನೀರಿನಲ್ಲಿ 104.5° ಗೂ ಇಳಿಯುತ್ತದೆ. ಜೋಡಿಬಂಧ ಒಂಟಿಬಂಧಕ್ಕಿಂತ ಹೆಚ್ಚು ತಳ್ಳುತ್ತದೆ. ಎಥಿಲೀನಿನಲ್ಲಿ H–C–H ಕೋನ 117.4°, H–C=C ಕೋನ 121.3°. ಗುಂಪುಗಳು ದೊಡ್ಡದಾದರೆ ಕೋನ ಅಗಲವಾಗುತ್ತದೆ; ನೀರಿನ 104.5° ಡೈಮೀಥೈಲ್ ಈಥರಿನಲ್ಲಿ ಸುಮಾರು 112° ಆಗುತ್ತದೆ. ಆಮ್ಲಜನಕ ಎರಡರಲ್ಲೂ ನಾಲ್ಕು ದಿಕ್ಕಿನದೇ. ಎರಡು CH₃ ಗುಂಪುಗಳು ಒಂದನ್ನೊಂದು ದೂರವಿಡುತ್ತವೆ, ಅಷ್ಟೇ.

ಕೋನವನ್ನು ಅಳೆದು ಗೊತ್ತಿದ್ದರೆ, ಒಂದು ಬಂಧದಲ್ಲಿ s ಕಕ್ಷಕದ ಪಾಲು ಎಷ್ಟು ಎಂದು ಲೆಕ್ಕ ಹಾಕುವ ಸುಂದರವಾದ ಸೂತ್ರವೊಂದಿದೆ. ಒಂದೇ ಬಗೆಯ ಎರಡು ಬಂಧಗಳ ನಡುವಿನ ಕೋನ θ, ಪ್ರತಿಯೊಂದರಲ್ಲಿ s ನ ಪಾಲು s ಆದರೆ:

```
cos θ = s / (s – 1)
```

s = 0.25 ಹಾಕಿದರೆ cos θ = –1/3, ಕೋನ 109.5°. s = 1/3 ಆದರೆ 120°, s = 0.5 ಆದರೆ 180°. ಅಂದರೆ s ನ ಪಾಲು ಹೆಚ್ಚಿದಂತೆ ಕೋನ ತೆರೆದುಕೊಳ್ಳುತ್ತದೆ. ಇದನ್ನು ಅಮೋನಿಯಕ್ಕೆ ಹಿಂದುಮುಂದಾಗಿ ಬಳಸೋಣ. 106.7° ಯ ಕೊಸೈನ್ –0.287; ಅದರಿಂದ ಪ್ರತಿ N–H ಬಂಧದಲ್ಲಿ s ನ ಪಾಲು ಸುಮಾರು 22 ಶೇಕಡಾ. ಮೂರು ಬಂಧಗಳಿಗೆ 67 ಶೇಕಡಾ ಹೋದರೆ ಒಂಟಿ ಜೋಡಿಗೆ ಉಳಿಯುವುದು 33. ಸಾರಜನಕವನ್ನು sp³ ಎನ್ನುತ್ತೇವೆ, ಆದರೆ ನಾಲ್ಕು ಕಕ್ಷಕಗಳೂ ಸಮಾನವಲ್ಲ. ಒಂಟಿ ಜೋಡಿ ಕೇಂದ್ರಕ್ಕೆ ಹತ್ತಿರವಿರುವ s ನ ಹೆಚ್ಚಿನ ಪಾಲನ್ನು ಇಟ್ಟುಕೊಂಡಿದೆ. sp³, sp², sp ಎಂಬುವು ಪೂರ್ಣಾಂಕದ ಮೆಟ್ಟಿಲುಗಳು. ಅಣುಗಳು ಮೆಟ್ಟಿಲುಗಳ ನಡುವೆಯೂ ನಿಲ್ಲುತ್ತವೆ.

ಈಗ ನಮ್ಮ ಅಂಟಿನ ಅಣುವಿಗೆ ಕೋನಗಳನ್ನು ಬರೆಯಬಹುದು. ಒಂದನೆಯ ಇಂಗಾಲದಲ್ಲಿ H–C–H ಕೋನ 120° ಗಿಂತ ಸ್ವಲ್ಪ ಕಡಿಮೆ, ಎಥಿಲೀನಿನಂತೆ. ನಾಲ್ಕನೆಯದರಲ್ಲಿ O=C–O ಕೋನ 120° ಗಿಂತ ಸ್ವಲ್ಪ ಹೆಚ್ಚು, ಅದರ ಎದುರಿನ C–C–O ಅದಕ್ಕೆ ತಕ್ಕಂತೆ ಕಡಿಮೆ; ಒಂದೇ ಸಮತಲದಲ್ಲಿರುವ ಮೂರು ಕೋನಗಳ ಮೊತ್ತ 360° ಆಗಲೇಬೇಕು. ಎಸ್ಟರ್ ಆಮ್ಲಜನಕದ C–O–C ಕೋನ 115° ಯಿಂದ 117° ಯ ಆಸುಪಾಸು. ಅದರ ಮೇಲೆ ಉಳಿದಿರುವ ಒಂದು sp² ಜೋಡಿ ಕೋನವನ್ನು 120° ಯಿಂದ ಕೊಂಚ ಒತ್ತಿದೆ. ಐದು ಮತ್ತು ಆರನೆಯ ಇಂಗಾಲಗಳ ಸುತ್ತ ಎಲ್ಲವೂ 109.5° ಯ ಹತ್ತಿರ.

ಐದನೆಯ ಹಂತ: ಯಾವ ಪರಮಾಣುಗಳು ಒಂದೇ ಸಮತಲದಲ್ಲಿವೆ

ಕೋನಗಳ ಪಟ್ಟಿಯಿಂದ ಅಣುವಿನ ಆಕಾರ ಪೂರ್ತಿ ತಿಳಿಯುವುದಿಲ್ಲ. C=C ಯ ಎರಡೂ ಕಡೆಯ p ಕಕ್ಷಕಗಳು ಸಮಾನಾಂತರವಾಗಿರಬೇಕಾದ್ದರಿಂದ ಎರಡು ಇಂಗಾಲಗಳೂ, ಅವುಗಳಿಗೆ ನೇರವಾಗಿ ಸೇರಿದ ನಾಲ್ಕು ಪರಮಾಣುಗಳೂ ಒಂದೇ ಸಮತಲದಲ್ಲಿರುತ್ತವೆ. ನಮ್ಮ ಅಣುವಿನಲ್ಲಿ ಆ ನಾಲ್ಕು ಎಂದರೆ ಎರಡು ಜಲಜನಕ, ಮೂರನೆಯ ಮತ್ತು ನಾಲ್ಕನೆಯ ಇಂಗಾಲ. ಸಾರಜನಕ ಅದೇ ರೇಖೆಯ ಮುಂದುವರಿಕೆಯಾದ್ದರಿಂದ ಅದೂ ಅದೇ ಸಮತಲದಲ್ಲಿದೆ. C=O ಗುಂಪು ಪಕ್ಕದ C=C ಯೊಡನೆ ಹಂಚಿಕೊಳ್ಳಬೇಕಾದರೆ ಅದೂ ಅಲ್ಲಿಗೇ ಹೊಂದಿಕೊಳ್ಳುತ್ತದೆ; ಎಸ್ಟರ್ ಆಮ್ಲಜನಕವನ್ನು sp² ಎಂದು ಗುರುತಿಸಿದ ಫಲವಾಗಿ ಐದನೆಯ ಇಂಗಾಲವನ್ನೂ ಅದೇ ಹಾಳೆಯಲ್ಲಿ ಬರೆಯಬಹುದು. ಹಾಳೆಯಿಂದ ಹೊರಗೆ ಚಾಚುವುದು ಮುಖ್ಯವಾಗಿ ಕೊನೆಯ ಎರಡು sp³ ಇಂಗಾಲಗಳ ಮೇಲಿನ ಪರಮಾಣುಗಳು.

sp ಇಂಗಾಲಕ್ಕೆ ತ್ರಿಬಂಧವೇ ಬೇಕೆಂದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಲೀನ್, ಅಂದರೆ CH₂=C=CH₂, ನಡುವಿನ ಇಂಗಾಲಕ್ಕೆ ಎರಡೇ ದಿಕ್ಕು; ಅದು sp, ಕೋನ 180°. ಅದರ ಎರಡು p ಕಕ್ಷಕಗಳು ಪರಸ್ಪರ ಲಂಬವಾಗಿದ್ದು ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಬಂಧ ಕಟ್ಟುವುದರಿಂದ ಎರಡು ತುದಿಯ CH₂ ಗಳ ಸಮತಲಗಳೂ ಪರಸ್ಪರ ಲಂಬವಾಗುತ್ತವೆ. ಕಾಗದದ ಮೇಲೆ ಚಪ್ಪಟೆಯಾಗಿ ಕಾಣುವ ಈ ಅಣು ಚಪ್ಪಟೆಯಲ್ಲ.

ಆರನೆಯ ಹಂತ: ಅಳತೆಯೊಡನೆ ತಾಳೆ ನೋಡುವುದು

ಬರೆದ ಸಂಕರಣ ಸರಿಯೇ ಎಂದು ತಿಳಿಯಲು ಸುಲಭವಾದ ಸಾಧನ ಅತಿಗೆಂಪು ವರ್ಣಪಟಲ. s ನ ಪಾಲು ಹೆಚ್ಚಿದಂತೆ C–H ಬಂಧ ಗಿಡ್ಡವೂ ಬಿಗಿಯೂ ಆಗಿ ಹೆಚ್ಚಿನ ಆವೃತ್ತಿಯಲ್ಲಿ ಕಂಪಿಸುತ್ತದೆ. sp³ ಇಂಗಾಲದ C–H 3000 cm⁻¹ ಗಿಂತ ಕೆಳಗೆ, sp² ಇಂಗಾಲದ್ದು 3000 ದಿಂದ 3100 ರ ಸುಮಾರಿನಲ್ಲಿ, ತ್ರಿಬಂಧದ ತುದಿಯ sp ಇಂಗಾಲದ್ದು 3300 ರ ಬಳಿ ಕಾಣುತ್ತದೆ. ನೈಟ್ರೈಲ್ ಇಂಗಾಲದ ಮೇಲೆ ಜಲಜನಕವಿಲ್ಲದ್ದರಿಂದ ಅದನ್ನು 2200 ರಿಂದ 2260 ರ ನಡುವಿನ C≡N ರೇಖೆಯಿಂದ ಗುರುತಿಸಬೇಕು.

ಇಂಗಾಲ-13 ಎನ್‌ಎಂಆರ್ ಇನ್ನೂ ನೇರವಾಗಿ ಮಾತಾಡುತ್ತದೆ. ಇಂಗಾಲಕ್ಕೂ ಅದರ ಮೇಲಿನ ಜಲಜನಕಕ್ಕೂ ಇರುವ ಕಪ್ಲಿಂಗ್ ಸ್ಥಿರಾಂಕವನ್ನು ಹರ್ಟ್ಸ್‌ಗಳಲ್ಲಿ ಅಳೆದು ಐದರಿಂದ ಭಾಗಿಸಿದರೆ s ನ ಶೇಕಡಾ ಪಾಲು ಸ್ಥೂಲವಾಗಿ ಸಿಗುತ್ತದೆ. ಮೀಥೇನಿನಲ್ಲಿ ಅದು 125, ಅಂದರೆ 25 ಶೇಕಡಾ. ಅಸಿಟಿಲೀನಿನಲ್ಲಿ 249, ಸುಮಾರು 50 ಶೇಕಡಾ. ಎಥಿಲೀನಿನಲ್ಲಿ 156, ಅಂದರೆ 31 ಶೇಕಡಾ. ಆದರ್ಶ sp² ಗೆ ಬೇಕಾದ 33 ಕ್ಕಿಂತ ತುಸು ಕಡಿಮೆ. ಈಗ ಹಿಂದಿನ ಸೂತ್ರಕ್ಕೆ ಎಥಿಲೀನಿನ H–C–H ಕೋನವಾದ 117.4° ಯನ್ನು ಹಾಕಿ ನೋಡಿ: 31.5 ಶೇಕಡಾ ಬರುತ್ತದೆ. ಕೋನದಿಂದ ಬಂದ ಲೆಕ್ಕವೂ ಎನ್‌ಎಂಆರ್‌ನಿಂದ ಬಂದ ಲೆಕ್ಕವೂ ಹೀಗೆ ಒಂದೇ ಕಡೆ ಬಂದು ಸೇರಿದ್ದನ್ನು ಮೊದಲ ಸಲ ಕಂಡಾಗ ನನಗಾದ ಸಂತೋಷ ಇನ್ನೂ ನೆನಪಿದೆ.

ಈ ಕ್ರಮ ಎಲ್ಲಿ ಸೋಲುತ್ತದೆ

ಉಂಗುರ ಚಿಕ್ಕದಾದಾಗ ಕೋನವನ್ನು ನಿರ್ಧರಿಸುವುದು ಉಂಗುರದ ರೇಖಾಗಣಿತವೇ. ಸೈಕ್ಲೋಪ್ರೊಪೇನಿನ ಇಂಗಾಲಗಳಿಗೆ ನಾಲ್ಕು ದಿಕ್ಕುಗಳಿದ್ದರೂ ಕೇಂದ್ರಗಳ ನಡುವಿನ ಕೋನ 60°. ಬಂಧದ ಎಲೆಕ್ಟ್ರಾನುಗಳು ಆ ರೇಖೆಯಿಂದ ಹೊರಕ್ಕೆ ಬಾಗಿ ನಿಲ್ಲುತ್ತವೆ. ಫ್ಯೂರಾನ್ ಇನ್ನೊಂದು ಎಚ್ಚರಿಕೆ. ಅದರ ಆಮ್ಲಜನಕ ಮೂರನೆಯ ಹಂತದ ಪ್ರಕಾರ sp², ಜೋಡಿಯೊಂದು ಉಂಗುರದ ಪೈ ವ್ಯವಸ್ಥೆಯಲ್ಲಿದೆ, ಆದರೆ C–O–C ಕೋನ ಸುಮಾರು 106.6°. ಐದು ಮೂಲೆಯ ಉಂಗುರದೊಳಗೆ 120° ಹಿಡಿಸುವುದಿಲ್ಲ. ಕೋನ 107° ಇದೆ ಎಂದ ಮಾತ್ರಕ್ಕೆ sp³ ಎಂದು ತೀರ್ಮಾನಿಸಬಾರದು.

ಅನಿಲೀನ್ ನಿಜವಾಗಿಯೂ ನಡುವಿನದು. ಸಾರಜನಕದ ಜೋಡಿ ಬೆಂಜೀನ್ ಉಂಗುರದೊಡನೆ ಹಂಚಿಕೆಯಾಗುತ್ತದೆ, ಆದರೆ C=O ನಂತೆ ಎಳೆದುಕೊಳ್ಳುವ ಶಕ್ತಿ ಉಂಗುರಕ್ಕಿಲ್ಲ. ಪರಿಣಾಮವಾಗಿ H–N–H ಕೋನ ಸುಮಾರು 113°, ಸಾರಜನಕ ತುಸು ಪಿರಮಿಡ್ಡಿನಂತಿದೆ. ಇದನ್ನು sp³ ಎಂದೂ sp² ಎಂದೂ ಬರೆದಿರುವುದನ್ನು ಕಾಣುತ್ತೇವೆ; ಎರಡರ ನಡುವೆ ಎಂದು ಬರೆದು ಕಾರಣ ಕೊಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಅಂಟು ಗಟ್ಟಿಯಾಗುವಾಗ

ಸಂಕರಣ ಅಣುವಿಗೆ ಅಂಟಿಕೊಂಡ ಶಾಶ್ವತ ಗುರುತಲ್ಲ, ಕ್ರಿಯೆ ನಡೆದಾಗ ಬದಲಾಗುತ್ತದೆ. ಟ್ಯೂಬಿನಿಂದ ಹೊರಬಂದ ಅಂಟಿಗೆ ಬಟ್ಟಲಿನ ಮೇಲ್ಮೈಯಲ್ಲಿರುವ ಕಣ್ಣಿಗೆ ಕಾಣದ ನೀರಿನ ಪಸೆಯೇ ಸಾಕು. ನೀರಿನಿಂದ ಬಂದ ಆಮ್ಲಜನಕ ತನ್ನ ಜೋಡಿಯಿಂದ ಒಂದನೆಯ ಇಂಗಾಲಕ್ಕೆ ಬಂಧ ಕಟ್ಟುತ್ತದೆ. ಆ ಇಂಗಾಲಕ್ಕೆ ಈಗ ನಾಲ್ಕು ದಿಕ್ಕುಗಳು. ಅದು sp² ನಿಂದ sp³ ಆಗುತ್ತದೆ, ಸಮತಲ ಮುರಿದು ಬಂಧಗಳು ಚತುಷ್ಫಲಕಕ್ಕೆ ತಿರುಗುತ್ತವೆ. ಪೈ ಬಂಧದ ಎರಡು ಎಲೆಕ್ಟ್ರಾನುಗಳು ಎರಡನೆಯ ಇಂಗಾಲದ ಮೇಲೆ ಒಂಟಿ ಜೋಡಿಯಾಗಿ, ಋಣ ಆವೇಶದೊಡನೆ ನಿಲ್ಲುತ್ತವೆ.

ಈ ಎರಡನೆಯ ಇಂಗಾಲದ ಸಂಕರಣವನ್ನು ಈಗ ನೀವೇ ಹೇಳಬಹುದು. ಮೂರು ಸಿಗ್ಮಾ, ಒಂದು ಒಂಟಿ ಜೋಡಿ, ಎಣಿಕೆ ನಾಲ್ಕು. ತನ್ನ ಪೈ ಬಂಧ ಈಗಿಲ್ಲ; ಆದರೆ ಒಂದು ಪಕ್ಕದಲ್ಲಿ C≡N, ಇನ್ನೊಂದು ಪಕ್ಕದಲ್ಲಿ C=O. ಜೋಡಿ p ಕಕ್ಷಕದಲ್ಲಿ ಉಳಿದು ಎರಡೂ ಕಡೆ ಹಂಚಿಕೆಯಾಗುತ್ತದೆ, ಇಂಗಾಲ sp² ಆಗಿಯೇ ಇರುತ್ತದೆ. ಸಾರಜನಕಕ್ಕೂ ಆಮ್ಲಜನಕಕ್ಕೂ ಬೇಕಾದ ಮೂರನೆಯ ಹಂತ ಇಲ್ಲಿ ಇಂಗಾಲಕ್ಕೂ ಬೇಕಾಯಿತು. ಆವೇಶ ಹೀಗೆ ಎರಡು ಗುಂಪುಗಳಿಗೆ ಹಂಚಿಹೋಗಿ ತಾಳಿಕೊಳ್ಳುವುದರಿಂದಲೇ ನೀರಿನಂಥ ದುರ್ಬಲ ಕಾರಕವೂ ಈ ಕ್ರಿಯೆಯನ್ನು ಆರಂಭಿಸಬಲ್ಲದು.

ಆ ಜೋಡಿ ಮುಂದಿನ ಅಣುವಿನ ಒಂದನೆಯ ಇಂಗಾಲಕ್ಕೆ ಬಂಧ ಕಟ್ಟಿದ ಕ್ಷಣದಲ್ಲಿ ಎರಡನೆಯ ಇಂಗಾಲವೂ sp³ ಆಗುತ್ತದೆ, ಹಾಗೆಯೇ ಸರಪಳಿ ಬೆಳೆಯುತ್ತದೆ. ಗಟ್ಟಿಯಾದ ಅಂಟಿನ ಅತಿಗೆಂಪು ವರ್ಣಪಟಲವನ್ನು ದ್ರವದ್ದರೊಡನೆ ಹೋಲಿಸಿದರೆ 3000 ಕ್ಕಿಂತ ಮೇಲಿದ್ದ =CH₂ ರೇಖೆಯೂ 1615 ರ ಸುಮಾರಿನ C=C ರೇಖೆಯೂ ಮಾಯವಾಗಿರುತ್ತವೆ. ಆದರೆ 2240 ರ ಆಸುಪಾಸಿನ C≡N ರೇಖೆ ಉಳಿದಿರುತ್ತದೆ, ಏಕೆಂದರೆ ಮೂರನೆಯ ಇಂಗಾಲ ಮತ್ತು ಅದರ ಸಾರಜನಕ ಈ ಕ್ರಿಯೆಯಲ್ಲಿ ಭಾಗಿಯಾಗದೆ sp ಆಗಿಯೇ, 180° ಯಲ್ಲೇ ಇರುತ್ತವೆ.